ಹಸಿರು ತಿರುಗಿದ ಆಲೂಗಡ್ಡೆ: ಕೆತ್ತಿದರೆ ಸಾಕೇ, ಎಸೆಯಬೇಕೇ?

ಸಂತೆಯಿಂದ ತಂದ ಆಲೂಗಡ್ಡೆಯಲ್ಲಿ ಬುಟ್ಟಿಯ ತಳಕ್ಕೆ ಉಳಿಯುವುದು ಹೆಚ್ಚಾಗಿ ಇಂಥವೇ. ಒಂದರ ಬೆನ್ನು ಹಸಿರಾಗಿರುತ್ತದೆ, ಇನ್ನೊಂದರ ಕಣ್ಣಿನಿಂದ ಮೊಳಕೆ ಇಣುಕಿರುತ್ತದೆ. ಮನೆಯ ಹಿರಿಯರು ‘ಅಷ್ಟು ಭಾಗ ಕೆತ್ತಿ ಹಾಕಿದರಾಯ್ತು’ ಅನ್ನುತ್ತಾರೆ. ಮೊಬೈಲಿಗೆ ಬಂದ ಸಂದೇಶ ‘ವಿಷ, ಮುಟ್ಟಲೇಬೇಡಿ’ ಅನ್ನುತ್ತದೆ. ಎರಡು ಮಾತಿನಲ್ಲೂ ನಿಜವಿದೆ, ಆದರೆ ಬೇರೆ ಬೇರೆ ಗಡ್ಡೆಗಳ ಮಟ್ಟಿಗೆ.

ಆಲೂಗಡ್ಡೆ ನೆಲದೊಳಗೆ ಬೆಳೆದರೂ ಬೇರಲ್ಲ. ಊಟ ತುಂಬಿಟ್ಟುಕೊಂಡು ಊದಿದ ಕಾಂಡ. ಹಾಗಾಗಿ ಬೆಳಕು ಬಿದ್ದರೆ ಕಾಂಡದಂತೆಯೇ ಹಸಿರಾಗುತ್ತದೆ. ಹಾಸನದ ಕಡೆ ಆಲೂಗಡ್ಡೆ ಹೊಲದಲ್ಲಿ ಗಿಡದ ಬುಡಕ್ಕೆ ಮಣ್ಣು ಏರಿಸುವುದಕ್ಕೆ ಇದೂ ಒಂದು ಕಾರಣ. ಮಳೆಗೆ ಮಣ್ಣು ಕೊಚ್ಚಿಹೋಗಿ ಗಡ್ಡೆಯ ತಲೆ ಹೊರಗೆ ಕಂಡರೆ, ಬಿಸಿಲು ತಾಕಿದ ಅಷ್ಟು ಭಾಗ ಹೊಲದಲ್ಲೇ ಹಸಿರು ತಿರುಗುತ್ತದೆ. ಕಿತ್ತು ತಂದ ಮೇಲೂ ಈ ಗುಣ ಹೋಗುವುದಿಲ್ಲ. ಅಂಗಡಿಯ ದೀಪದ ಕೆಳಗೆ, ಅಡುಗೆಮನೆಯ ಕಿಟಕಿಯ ಬಳಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ದಿನ ಇದ್ದರೂ ಸಾಕು.

ಆ ಹಸಿರು ಎಲೆಯಲ್ಲಿರುವ ಪತ್ರಹರಿತ್ತೇ. ಸೊಪ್ಪಿನ ಸಾರಿನಲ್ಲಿ ದಿನವೂ ತಿನ್ನುವ ಅದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಅದೇ ಬೆಳಕಿಗೆ ಗಡ್ಡೆಯೊಳಗೆ ಹೆಚ್ಚುವ ಬೇರೆ ವಸ್ತುಗಳಲ್ಲಿ. ಸೊಲನೈನ್ ಮತ್ತು ಚಾಕೊನೈನ್ ಎಂಬ ಈ ಎರಡು ಕಹಿ ವಿಷಗಳನ್ನು ಕೀಟ, ರೋಗಗಳಿಂದ ಉಳಿದುಕೊಳ್ಳಲು ಗಿಡ ತಯಾರಿಸುತ್ತದೆ. ಇವಕ್ಕೆ ಬಣ್ಣವಿಲ್ಲ. ಗಡ್ಡೆಗೆ ಬೆಳಕು ತಾಗಿದೆ ಎಂದು ಹಸಿರು ಹೇಳುತ್ತದೆ, ವಿಷ ಎಷ್ಟಿದೆ ಎಂದು ಹೇಳುವುದಿಲ್ಲ. ಪೆಟ್ಟು ತಿಂದ, ಸೀಳಿದ ಗಡ್ಡೆಯಲ್ಲಿ ಹಸಿರಿಲ್ಲದೆಯೂ ವಿಷ ಏರಬಹುದು. ಹಸಿರಾದದ್ದನ್ನು ಮತ್ತೆ ಕತ್ತಲಲ್ಲಿಟ್ಟು ಬಣ್ಣ ಮಾಸಿದರೂ ಒಳಗೆ ಸೇರಿದ ವಿಷ ಇಳಿಯಿತೆಂದು ನಂಬುವಂತಿಲ್ಲ.

ಒಳ್ಳೆಯ ಗಡ್ಡೆಯಲ್ಲೂ ಇವು ಸ್ವಲ್ಪ ಇದ್ದೇ ಇರುತ್ತವೆ. ಒಂದು ಕಿಲೋಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಒಳಗೆ ಇರುತ್ತವೆ. 200 ದಾಟಿದ್ದು ತಿನ್ನಲು ಯೋಗ್ಯವಲ್ಲ ಎಂಬುದು ಬಹುಕಾಲದಿಂದ ಬಂದ ಮಿತಿ. 2020ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಲೆಕ್ಕ ಹಾಕಿದಂತೆ, ದೇಹತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂನಷ್ಟು ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ, ಭೇದಿ ಶುರುವಾಗಬಹುದು. ಇದನ್ನು ತಟ್ಟೆಯ ಮಟ್ಟಕ್ಕೆ ಇಳಿಸಿ ನೋಡೋಣ. ಮಿತಿಯ ಅಂಚಿನಲ್ಲಿರುವ, ಅಂದರೆ ಕಿಲೋಗೆ 200 ಮಿಲಿಗ್ರಾಂ ಇರುವ ಗಡ್ಡೆಯ ಪಲ್ಯವನ್ನು 60 ಕಿಲೋ ತೂಕದವರು 300 ಗ್ರಾಂ ತಿಂದರೆ ಆ ಮಟ್ಟ ಮುಟ್ಟುತ್ತಾರೆ. ಒಂದೇ ಊಟದಲ್ಲಿ ಅಷ್ಟು ಪಲ್ಯ ತಿನ್ನುವವರು ಕಡಿಮೆ. ಆದರೆ 15 ಕಿಲೋ ತೂಕದ ಮಗುವಿಗೆ 75 ಗ್ರಾಂ, ಅಂದರೆ ಒಂದು ಸಣ್ಣ ಗಡ್ಡೆಯೇ ಸಾಕು. ದೊಡ್ಡವರಿಗೆ ಏನೂ ಆಗದ ಪಲ್ಯ ಮಗುವಿಗೆ ಹೊಟ್ಟೆನೋವು ತರುವುದು ಹೀಗೆ.

ಇಂಥದ್ದು ನಿಜವಾಗಿಯೂ ನಡೆದಿದೆ. ಲಂಡನ್ನಿನ ಒಂದು ಶಾಲೆಯಲ್ಲಿ ರಜೆಗೆ ಮುಂಚಿನಿಂದ ಉಳಿದಿದ್ದ ಒಂದು ಚೀಲ ಆಲೂಗಡ್ಡೆಯನ್ನು ರಜೆ ಮುಗಿದ ಮೇಲೆ ಬೇಯಿಸಿ ಬಡಿಸಿದರು. 78 ಹುಡುಗರಿಗೆ ವಾಂತಿ, ಭೇದಿ, ಹೊಟ್ಟೆನೋವು ಕಾಣಿಸಿಕೊಂಡಿತು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಲವರಿಗೆ ಮಂಪರು, ಗಲಿಬಿಲಿಯೂ ಇತ್ತು. ಎಲ್ಲರೂ ಚೇತರಿಸಿಕೊಂಡರು. ವೈದ್ಯರು 1979ರಲ್ಲಿ ಇದರ ವರದಿ ಪ್ರಕಟಿಸಿದರು. ಮೊದಲ ನೋಟಕ್ಕೆ ಇದು ಹಳಸಿದ ಊಟದಿಂದಾದ ತೊಂದರೆಯಂತೆಯೇ ಕಾಣುತ್ತದೆ. ನಮ್ಮಲ್ಲೂ ಇಂಥ ಹೊಟ್ಟೆಕೆಟ್ಟ ಪ್ರಸಂಗದಲ್ಲಿ ಯಾರೂ ಆಲೂಗಡ್ಡೆಯನ್ನು ಅನುಮಾನಿಸುವುದಿಲ್ಲ.

ಈ ಘಟನೆಯಲ್ಲಿ ಗಮನಿಸಬೇಕಾದದ್ದು ಗಡ್ಡೆ ಬೆಂದಿತ್ತು ಎಂಬುದು. ಈ ವಿಷಗಳು ಕುದಿಯುವ ನೀರಿಗೂ ಕುಕ್ಕರಿನ ಕಾವಿಗೂ ಜಗ್ಗುವುದಿಲ್ಲ. ಬೋಂಡಾದ ಎಣ್ಣೆಯ ಬಿಸಿಗೂ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಹಾಗಾಗಿ ಏನಿದ್ದರೂ ಹೆಚ್ಚುವಾಗಲೇ ಮಾಡಬೇಕು. ಅದೃಷ್ಟಕ್ಕೆ ವಿಷದ ಹೆಚ್ಚಿನ ಪಾಲು ಸಿಪ್ಪೆಯಲ್ಲೂ ಅದರ ಕೆಳಗಿನ ಒಂದೆರಡು ಮಿಲಿಮೀಟರ್ ಪದರದಲ್ಲೂ, ಕಣ್ಣುಗಳ ಸುತ್ತಲೂ ಇರುತ್ತದೆ. ಒಂದು ಕಡೆ ಮಾತ್ರ ತೆಳ್ಳಗೆ ಹಸಿರಾಗಿದ್ದರೆ ಇಡೀ ಗಡ್ಡೆಯ ಸಿಪ್ಪೆಯನ್ನು ದಪ್ಪಗೆ ಹೆರೆದು, ಹಸಿರು ಇದ್ದ ಜಾಗವನ್ನು ಬಿಳಿ ತಿರುಳು ಕಾಣುವವರೆಗೆ ಇನ್ನಷ್ಟು ಆಳಕ್ಕೆ ಕೊಯ್ದು ತೆಗೆದರೆ ಉಳಿದದ್ದನ್ನು ಬಳಸಬಹುದು. ಸಿಪ್ಪೆಸಮೇತ ಬೇಯಿಸಿ ಆಮೇಲೆ ಸುಲಿಯುವ ರೂಢಿ ಇಂಥ ಗಡ್ಡೆಗೆ ಬೇಡ. ಬೆಂದ ಸಿಪ್ಪೆ ತೀರಾ ತೆಳ್ಳಗೆ ಕಿತ್ತು ಬರುತ್ತದೆ, ಕೆಳಗಿನ ಪದರ ಹಾಗೇ ಉಳಿಯುತ್ತದೆ. ಕೊಯ್ದಾಗ ಹಸಿರು ತಿರುಳಿನೊಳಕ್ಕೂ ಇಳಿದಿದ್ದರೆ, ಅಥವಾ ಮೈಯ ಬಹುಭಾಗ ಹಸಿರಾಗಿದ್ದರೆ ಎಸೆಯುವುದೇ ಸರಿ. ಕೆಂಪು ಸಿಪ್ಪೆಯ ತಳಿಯಲ್ಲಿ ಹಸಿರು ಮೇಲಕ್ಕೆ ಕಾಣದು, ಉಗುರಿನಿಂದ ಕೆರೆದು ನೋಡಬೇಕು.

ಮೊಳಕೆಯ ಲೆಕ್ಕ ಇನ್ನೂ ಬಿಗಿ. ಗಡ್ಡೆಯಲ್ಲಿ ಕಿಲೋಗೆ ನೂರರ ಒಳಗಿರುವ ವಿಷ ಮೊಳಕೆಯಲ್ಲಿ ಎರಡು ಸಾವಿರ ದಾಟಬಹುದು, ಅಂದರೆ ಒಂದೊಂದು ಗ್ರಾಂಗೂ 2 ಮಿಲಿಗ್ರಾಂ. ಕಾಳು ಮೊಳಕೆ ಬಂದರೆ ಒಳ್ಳೆಯದು ಎಂಬ ನಮ್ಮ ನಂಬಿಕೆಯನ್ನು ಇದಕ್ಕೆ ತರಬಾರದು. ಆಲೂಗಡ್ಡೆಯ ಮೊಳಕೆ ತಿನ್ನುವ ವಸ್ತುವೇ ಅಲ್ಲ. ಗಡ್ಡೆ ಅದುಮಿದರೆ ಗಟ್ಟಿಯಾಗಿದ್ದು, ಮೊಳಕೆ ಈಗಷ್ಟೇ ಮೂಡಿದ್ದರೆ ಚಾಕುವಿನ ತುದಿಯಿಂದ ಕಣ್ಣುಸಮೇತ ಗುಳಿ ಬೀಳುವಂತೆ ತೆಗೆದು, ಸಿಪ್ಪೆ ಹೆರೆದು ಅಡುಗೆಗೆ ಹಾಕಬಹುದು. ಮೊಳಕೆ ಉದ್ದವಾಗಿ ಗಡ್ಡೆ ಮೆತ್ತಗಾಗಿ ಸುಕ್ಕುಗಟ್ಟಿದ್ದರೆ ಅದರ ಹಿಟ್ಟೂ ನೀರೂ ಮೊಳಕೆಗೆ ಸಂದಿರುತ್ತದೆ. ಅಂಥದ್ದನ್ನು ಕುಂಡದಲ್ಲಿ ನೆಡಬಹುದು, ಸಾಂಬಾರಿಗೆ ಬೇಡ. ಬಿತ್ತನೆಗೆಂದು ತಂದು ಮಿಕ್ಕ ಗಡ್ಡೆಯಂತೂ ಅಡುಗೆಮನೆಗೆ ಬರಲೇಬಾರದು. ಬಿತ್ತನೆಗಡ್ಡೆಗೆ ಗಟ್ಟಿ ಮೊಳಕೆ ಬರಲೆಂದು ಬೇಕೆಂದೇ ಮಬ್ಬು ಬೆಳಕಿನಲ್ಲಿ ಹರಡುತ್ತಾರೆ, ಶಿಲೀಂಧ್ರನಾಶಕವನ್ನೂ ಹಚ್ಚಿರಬಹುದು.

ಹೆರೆದ ಹಸಿರು ಸಿಪ್ಪೆ, ಕಿತ್ತ ಮೊಳಕೆಗಳನ್ನು ದನದ ಕಲಗಚ್ಚಿಗೆ ಹಾಕಬಾರದು. ಜಾನುವಾರುಗಳಿಗೂ ಇದು ವಿಷವೇ. ಗೊಬ್ಬರದ ಗುಂಡಿಗೆ ಹಾಕಿದರೆ ತೊಂದರೆಯಿಲ್ಲ.

ಇಷ್ಟೆಲ್ಲ ಕೊಯ್ಯುವ ಕೆಲಸ ಬರದಿರಲು ಗಡ್ಡೆಯನ್ನು ಗಾಳಿಯಾಡುವ, ಕತ್ತಲಿನ, ತಂಪು ಜಾಗದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಿಂದ ತೆಗೆದು ಗೋಣಿಚೀಲ ಮುಚ್ಚಿದ ಬುಟ್ಟಿಯಲ್ಲಿಟ್ಟರೆ ಬೆಳಕೂ ತಾಗದು, ಬೆವರೂ ಕೂರದು. ಕತ್ತಲು ಹಸಿರನ್ನು ತಡೆಯುತ್ತದೆಯೇ ಹೊರತು ಮೊಳಕೆಯನ್ನಲ್ಲ. ಮೊಳಕೆಯನ್ನು ಎಬ್ಬಿಸುವುದು ಬಿಸುಪು ಮತ್ತು ಕಾಲ, ಆದ್ದರಿಂದ ಬೇಸಿಗೆಯಲ್ಲಿ ಒಂದೆರಡು ವಾರಕ್ಕೆ ಆಗುವಷ್ಟೇ ತರುವುದು ಲೇಸು. ಫ್ರಿಜ್ಜಿನಲ್ಲಿ ಮೊಳಕೆ ನಿಧಾನವಾಗುತ್ತದೆ, ಆದರೆ ಹಿಟ್ಟು ಸಕ್ಕರೆಗೆ ತಿರುಗಿ ಗಡ್ಡೆ ಸಿಹಿಯಾಗುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ.

ಇಷ್ಟು ಜಾಗ್ರತೆಯ ನಡುವೆಯೂ ಒಂದು ಗಡ್ಡೆ ಕಣ್ಣುತಪ್ಪಿಸಿ ಬರಬಹುದು. ಆಗ ನಾಲಿಗೆಯ ಮಾತು ಕೇಳಬೇಕು. ಪಲ್ಯ ಕಹಿಯಾಗಿದ್ದರೆ, ಗಂಟಲು ಉರಿದರೆ ಉಪ್ಪು ಹುಳಿ ಸೇರಿಸಿ ಸರಿಮಾಡಲು ಹೋಗದೆ ಚೆಲ್ಲಿಬಿಡಿ. ಮಗು ‘ಕಹಿ’ ಎಂದು ತಟ್ಟೆ ತಳ್ಳಿದರೆ ಒತ್ತಾಯ ಮಾಡುವ ಮೊದಲು ನೀವೊಂದು ಹೋಳು ತಿಂದು ನೋಡಿ. ತಿಂದ ಮೇಲೆ ವಾಂತಿ ಭೇದಿ ನಿಲ್ಲದಿದ್ದರೆ, ಮಂಪರು ಕಂಡರೆ ವೈದ್ಯರ ಬಳಿ ಹೋಗಿ, ಆಲೂಗಡ್ಡೆ ತಿಂದದ್ದನ್ನೂ ಅದು ಹೇಗಿತ್ತೆಂಬುದನ್ನೂ ಮರೆಯದೆ ಹೇಳಿ.