ಬಾಕ್ಸ್ ತೆರೆದ ದಿನವೇ ತೀರ್ಪು ಬೇಡ

ಹೊಸ ಮಿಕ್ಸಿ ಕೊಳ್ಳುವ ಮುನ್ನ ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೊ ನೋಡುವುದು ಈಗ ಮನೆಮನೆಯ ರೂಢಿ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಬಾಕ್ಸ್ ಕುಯ್ಯುತ್ತಾರೆ, ‘ಲುಕ್ ಸೂಪರಾಗಿದೆ’ ಎನ್ನುತ್ತಾರೆ, ಒಂದು ಕಾಯಿ ಚಟ್ನಿ ರುಬ್ಬಿ ತೋರಿಸುತ್ತಾರೆ, ಕೊನೆಗೆ ‘ಲಿಂಕ್ ಕೆಳಗಿದೆ’. ನೋಡುವವರಿಗೆ ಬೇಕಾದದ್ದು ಬೇರೆಯೇ. ಇಬ್ಬರಿಗಾಗುವಷ್ಟು ಚಟ್ನಿ ಹಾಕಿದರೆ ಬ್ಲೇಡಿಗೆ ಸಿಗುತ್ತದೆಯೇ? ಮುಚ್ಚಳ ಸೋರುತ್ತದೆಯೇ? ದೊಡ್ಡ ಜಾರು ಕೂರಿಸಿದ ಮೇಲೂ ಗೋಡೆ ಕಪಾಟಿನ ಕೆಳಗೆ ಹಿಡಿಸುತ್ತದೆಯೇ?

ಇವಕ್ಕೆ ಉತ್ತರ ಸಿಗದಿರಲು ಕಾರಣ ಸರಳ. ಅನ್‌ಬಾಕ್ಸಿಂಗ್ ಮತ್ತು ರಿವ್ಯೂ ಎರಡು ಬೇರೆ ಕೆಲಸಗಳು, ಆದರೆ ಒಂದೇ ದಿನ ಮುಗಿಸಿಬಿಡುತ್ತಾರೆ. ಬಾಕ್ಸ್ ತೆರೆಯುವುದನ್ನು ಒಮ್ಮೆ ಮಾತ್ರ ಚಿತ್ರಿಸಲು ಸಾಧ್ಯ. ತೀರ್ಪು ಹೇಳಬೇಕಾದರೆ ಮಾತ್ರ ಒಂದೆರಡು ವಾರ ಅಡುಗೆಮನೆಯಲ್ಲಿ ಆ ವಸ್ತುವನ್ನು ದುಡಿಸಬೇಕು. ಹೊಸ ಮಿಕ್ಸಿಯ ಮೋಟಾರಿನಿಂದ ಮೊದಲ ಕೆಲವು ಸಲ ಸುಟ್ಟಂಥ ವಾಸನೆ ಬರುವುದುಂಟು. ಅದು ಸುರುಳಿ ತಂತಿಗೆ ಬಳಿದ ವಾರ್ನಿಶ್ ಬಿಸಿಯಾದ ವಾಸನೆ. ಮೊದಲ ದಿನವೇ ಅದನ್ನು ದೋಷವೆಂದರೆ ಅನ್ಯಾಯ, ಎರಡು ವಾರದ ಮೇಲೂ ಬರುತ್ತಿದ್ದರೆ ಹೇಳದಿರುವುದು ಅನ್ಯಾಯ. ಹಾಗಾಗಿ ಚಿತ್ರೀಕರಣ ಎರಡು ಕಂತಿನಲ್ಲಿ ಆಗಬೇಕು. ಸಾಮಾನ್ಯವಾದ, ಮೂರು ಜಾರಿನ 750 ವಾಟ್ ಮಿಕ್ಸಿಯನ್ನೇ ಇಟ್ಟುಕೊಂಡು ಇದನ್ನು ನೋಡೋಣ.

ಮೊದಲ ಕಂತು: ತೆರೆಯುವುದು

ಬಾಕ್ಸ್ ಬಂದಾಗ ಮೊದಲು ಕೊರಿಯರ್ ಚೀಟಿಯನ್ನು ಕಾಗದ ಅಂಟಿಸಿ ಮುಚ್ಚಿ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಅದರಲ್ಲಿರುತ್ತವೆ. ಆಮೇಲೆ ಮೊಬೈಲನ್ನು ಟ್ರೈಪಾಡಿಗೆ ಹಾಕಿ ಮೇಲಿನಿಂದ ಇಳಿಜಾರಾಗಿ ಕಾಣುವಂತಿಟ್ಟು, ಟೇಪು ಕುಯ್ಯುವುದರಿಂದ ಕೊನೆಯ ಜಾರು ಹೊರಬರುವವರೆಗೆ ನಿಲ್ಲಿಸದೆ ಚಿತ್ರಿಸಿ. ಸಂಕಲನದಲ್ಲಿ ಇದನ್ನು ಒಂದು ನಿಮಿಷಕ್ಕೆ ಇಳಿಸಬಹುದು. ಪೂರ್ತಿ ಶಾಟ್ ಮಾತ್ರ ಜೋಪಾನವಾಗಿರಲಿ. ಜಾರು ಸೊಟ್ಟಗಾಗಿ ಬಂದಿದ್ದರೆ ಅಥವಾ ಮುಚ್ಚಳ ಕಡಿಮೆಯಿದ್ದರೆ ಮಾರಿದವರಿಗೆ ತೋರಿಸಲು ಅದೇ ಸಾಕ್ಷಿ.

ಬಾಕ್ಸಿನ ಹೊರಗೆ ಅಚ್ಚಾದ ಮಾಹಿತಿಯನ್ನು ಓದಲು ಬರುವಷ್ಟು ಹತ್ತಿರದಿಂದ ಹಿಡಿಯಿರಿ: ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ಐಎಸ್‌ಐ ಗುರುತು. ಆ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಅಸಲಿಯೇ ಎಂದು ಗೊತ್ತಾಗುತ್ತದೆ. ಹಾಗೆ ನೋಡಿದ್ದನ್ನೂ ವಿಡಿಯೊದಲ್ಲಿ ತೋರಿಸಬಹುದು. ಸೀರಿಯಲ್ ನಂಬರನ್ನು ಮಾತ್ರ ಮಸುಕು ಮಾಡಿ.

ವಸ್ತು ಸ್ಪಷ್ಟವಾಗಿ ಕಾಣಬೇಕಾದರೆ

ಬಿಳಿ ಮಿಕ್ಸಿಯನ್ನು ಬಿಳಿ ಟೈಲ್ಸಿನ ಮುಂದಿಟ್ಟರೆ ಅಂಚೇ ಕಾಣುವುದಿಲ್ಲ. ಹಿಂದೆ ತಿಳಿ ನೀಲಿಯದೋ ಕಂದು ಬಣ್ಣದ್ದೋ ಒಂದು ಸಾದಾ ಬಟ್ಟೆ ಇಳಿಬಿಡಿ. ಸ್ಟೀಲ್ ಜಾರಿನ ಪೇಚು ಇನ್ನೊಂದು. ಅದು ಕನ್ನಡಿ ಇದ್ದಂತೆ, ಬಲ್ಬು, ಮೊಬೈಲು, ನಿಮ್ಮ ಮುಖ ಎಲ್ಲವೂ ಅದರಲ್ಲಿ ಕಾಣುತ್ತವೆ. ಬಲ್ಬಿನ ಬೆಳಕನ್ನು ನೇರವಾಗಿ ಬಿಡುವ ಬದಲು ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ ಪಕ್ಕದಿಂದ ಬೆಳಕು ಬರುವಂತೆ ಮಾಡಿ, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಜಾರಿನ ಒಳಗಿನ ಬ್ಲೇಡಿನ ಅಂಚು ಕೂಡ ಆಗ ಸ್ಪಷ್ಟವಾಗಿ ಕಾಣುತ್ತದೆ.

ರಾತ್ರಿ ಟ್ಯೂಬ್‌ಲೈಟಿನಲ್ಲಿ ಚಿತ್ರಿಸಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿಯುವುದನ್ನು ನೋಡಿರಬಹುದು. ನಮ್ಮ ಮನೆಯ ಕರೆಂಟು 50 ಹರ್ಟ್ಸಿನದು, ಅದಕ್ಕೆ ತಕ್ಕಂತೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದ ವೇಗ ಅದಕ್ಕೆ ಹೊಂದದಿದ್ದಾಗ ಪಟ್ಟಿ ಮೂಡುತ್ತದೆ. ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಸಾಮಾನ್ಯವಾಗಿ ಪಟ್ಟಿ ಮಾಯವಾಗುತ್ತದೆ.

ಮಿಕ್ಸಿಯನ್ನು ಎದುರು, ಎಡ, ಬಲ, ಹಿಂದೆ, ತಳ ಎಂದು ಐದು ಕಡೆಯಿಂದಲೂ ತೋರಿಸಿ. ಕ್ಯಾಮೆರಾ ಹಿಡಿದು ಸುತ್ತುವುದಕ್ಕಿಂತ ವಸ್ತುವನ್ನೇ ತಿರುಗಿಸಿ, ಪ್ರತಿ ಕಡೆಯಲ್ಲೂ ಐದು ಸೆಕೆಂಡು ಅಲುಗಾಡದಂತೆ ಬಿಡಿ. ತಳವನ್ನು ತೋರಿಸುವವರು ಕಡಿಮೆ, ಆದರೆ ಮುಖ್ಯ ವಿಷಯಗಳು ಅಲ್ಲೇ ಇರುತ್ತವೆ. ಮೇಜಿಗೆ ಕಚ್ಚಿ ಹಿಡಿಯುವ ರಬ್ಬರ್ ಕಾಲು, ಹೊರೆ ಹೆಚ್ಚಾದಾಗ ಮೋಟಾರು ನಿಲ್ಲಿಸುವ ಕೆಂಪು ಗುಂಡಿ, ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡುವು ಕೊಡಬೇಕೆಂದು ಹೇಳುವ ಪಟ್ಟಿ, ಇವೆಲ್ಲ ಸಾಮಾನ್ಯವಾಗಿ ತಳದಲ್ಲೇ ಇರುವುದು.

ಬ್ಲೇಡು, ಕಪ್ಲರ್, ಮುಚ್ಚಳದ ವಾಷರ್‌ನಂಥ ಚಿಕ್ಕ ಭಾಗಗಳಿಗೆ ಮೊಬೈಲನ್ನು ತೀರಾ ಹತ್ತಿರ ಒಯ್ದರೆ ಆಕಾರ ಉಬ್ಬಿ ಕಾಣುತ್ತದೆ, ಫೋಕಸ್ಸೂ ತಪ್ಪುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು 2x ಜೂಮ್ ಬಳಸಿ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಅಳತೆ ತಿಳಿಯಲು ಪಕ್ಕದಲ್ಲಿ ಸ್ಟೀಲ್ ಲೋಟವೊಂದನ್ನು ಇಡಿ, ವಯರಿನ ಉದ್ದವನ್ನು ಟೇಪು ಹಿಡಿದು ತೋರಿಸಿ. ದೊಡ್ಡ ಜಾರನ್ನು ಮುಚ್ಚಳ ಸಮೇತ ಕೂರಿಸಿ ಒಟ್ಟು ಎತ್ತರವನ್ನೂ ಅಳೆಯಿರಿ. ಕಪಾಟಿನ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ.

ಎರಡನೆಯ ಕಂತು: ಪರೀಕ್ಷೆ

ಎರಡು ವಾರ ಬಳಸಿದ ಮೇಲೆ ಮತ್ತೆ ಕ್ಯಾಮೆರಾ ತೆಗೆಯಿರಿ. ಪರೀಕ್ಷೆಗಳು ಹತ್ತಾರು ಬೇಡ, ನೋಡುವವರು ತಾವೇ ಅಳೆಯಬಹುದಾದ ನಾಲ್ಕು ಸಾಕು.

ಮೊದಲನೆಯದು ಪುಡಿ. 100 ಗ್ರಾಂ ಹುರಿದ ಕೊತ್ತಂಬರಿ ಬೀಜವನ್ನು ಒಂದು ನಿಮಿಷ ಓಡಿಸಿ, ಹಿಟ್ಟು ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ತಕ್ಕಡಿಯಲ್ಲಿ ತೂಗಿ. ಹಳೆಯ ಮಿಕ್ಸಿಯಲ್ಲೂ ಅಷ್ಟೇ ಬೀಜ, ಅಷ್ಟೇ ಹೊತ್ತು. ಒಂದರಲ್ಲಿ 30 ಗ್ರಾಂ, ಇನ್ನೊಂದರಲ್ಲಿ 18 ಗ್ರಾಂ ತರಿ ಉಳಿಯಿತು ಎಂದುಕೊಳ್ಳಿ. ‘ಸಖತ್ ನುಣ್ಣಗಾಗುತ್ತೆ’ ಎಂದು ಹತ್ತು ಸಲ ಹೇಳುವುದಕ್ಕಿಂತ ಆ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಕೆಲಸ ಮುಗಿಯಿತು.

ಎರಡನೆಯದು ಕಡಿಮೆ ಪ್ರಮಾಣ. ಚಟ್ನಿ ಜಾರಿಗೆ ಒಂದೇ ಹಿಡಿ ಕಾಯಿತುರಿ, ಎರಡು ಮೆಣಸಿನಕಾಯಿ, ಸ್ವಲ್ಪ ಹುರಿಗಡಲೆ ಹಾಕಿ. ಎಷ್ಟು ಸಲ ಮುಚ್ಚಳ ತೆಗೆದು ಚಮಚದಲ್ಲಿ ಬದಿ ಕೆರೆಯಬೇಕಾಯಿತು ಎಂಬುದನ್ನು ಕತ್ತರಿಸದೆ ತೋರಿಸಿ. ಇಲ್ಲಿ ಶಾಟ್ ಕತ್ತರಿಸಿದರೆ ಕೊರತೆಯನ್ನೇ ಕತ್ತರಿಸಿದಂತೆ.

ಮೂರನೆಯದು ಸೋರಿಕೆ. ದೊಡ್ಡ ಜಾರಿನಲ್ಲಿ ಗುರುತಿನವರೆಗೆ ಅರಿಶಿನ ಕಲಸಿದ ನೀರು ತುಂಬಿ, ಕೆಳಗೆ ಬಿಳಿ ಕಾಗದ ಹಾಸಿ ಓಡಿಸಿ. ಒಂದು ಹನಿ ಸಿಡಿದರೂ ಹಳದಿ ಕಲೆ ಮೂಡುತ್ತದೆ.

ನಾಲ್ಕನೆಯದು ಸದ್ದು. ವಿಡಿಯೊ ಸುಳ್ಳು ಹೇಳುವುದು ಇಲ್ಲೇ. ಸದ್ದು ಹೆಚ್ಚಾದೊಡನೆ ಮೊಬೈಲಿನ ಮೈಕ್ ತಾನಾಗಿ ಅದನ್ನು ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಎಂಥ ಗದ್ದಲದ ಮಿಕ್ಸಿಯೂ ರೆಕಾರ್ಡಿಂಗಿನಲ್ಲಿ ಸಾಧುವಾಗಿ ಕೇಳಿಸುತ್ತದೆ. ಮಿಕ್ಸಿ ಓಡುತ್ತಿರುವಾಗಲೇ ಪಕ್ಕದಲ್ಲಿ ಮಾಮೂಲಿ ದನಿಯಲ್ಲಿ ಮಾತಾಡಿ. ನಿಮ್ಮ ಮಾತು ಎಷ್ಟು ಮುಳುಗಿತು ಎಂಬುದರಿಂದ ಅಂದಾಜು ಸಿಗುತ್ತದೆ. ಹಳೆಯ ಮಿಕ್ಸಿಯನ್ನೂ ಅದೇ ಜಾಗದಲ್ಲಿ, ಮೊಬೈಲನ್ನು ಅಷ್ಟೇ ದೂರದಲ್ಲಿಟ್ಟು ಓಡಿಸಿದರೆ ಹೋಲಿಕೆ ನ್ಯಾಯವಾಗಿರುತ್ತದೆ.

ಒಳ್ಳೆಯದು, ಕೆಟ್ಟದ್ದು

ಎಲ್ಲ ಕೊರತೆಗಳೂ ಒಂದೇ ತೂಕದವಲ್ಲ. ಮುಚ್ಚಳ ಸೋರುವುದು ದೋಷ, ಯಾರ ಮನೆಗೆ ಹೋದರೂ ಅದು ತೊಂದರೆಯೇ. ಉದ್ದಿನ ಹಿಟ್ಟು ರುಬ್ಬುವಾಗ ಬಿಸಿಯಾಗುವುದು ಮಿಕ್ಸಿಯ ಜಾತಿಗೇ ಇರುವ ಮಿತಿ. ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಬೇಕು, ಇಲ್ಲವೇ ಗ್ರೈಂಡರ್ ಕೊಳ್ಳಬೇಕು. ಚಿಕ್ಕ ಜಾರಿಗೆ ಹಿಡಿ ಇಲ್ಲದಿರುವುದು ಒಬ್ಬರಿಗೆ ಏನೂ ಅನ್ನಿಸದು, ಕೈಯಲ್ಲಿ ಬಲವಿಲ್ಲದ ಅಜ್ಜಿಗೆ ಅದೇ ದೊಡ್ಡ ಕಷ್ಟ. ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಸುರಿದರೆ ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಪ್ರತಿ ಕೊರತೆಗೂ ಏನಾಗುತ್ತದೆ, ಯಾವಾಗ ಆಗುತ್ತದೆ, ಯಾರಿಗೆ ತೊಂದರೆ, ದಾರಿ ಇದೆಯೇ ಎಂದು ನಾಲ್ಕು ಮಾತು ಹೇಳಿ. ‘ವಯರ್ ಸ್ವಲ್ಪ ಉದ್ದ ಇರಬಹುದಿತ್ತು’ ಎಂಬಂಥ, ಯಾರಿಗೂ ನೋವಾಗದ ಒಂದು ಕೊರತೆ ಹೇಳಿ ಕೈತೊಳೆದುಕೊಳ್ಳುವುದು ಈ ಕ್ಷೇತ್ರದ ಹಳೇ ಚಾಳಿ. ನೋಡುವವರು ಅದನ್ನು ಬೇಗ ಗುರುತಿಸುತ್ತಾರೆ.

ಮಿಕ್ಸಿ ಕಂಪನಿಯಿಂದ ಉಚಿತವಾಗಿ ಬಂದಿದ್ದರೆ, ಹಣ ಪಡೆದಿದ್ದರೆ ಅಥವಾ ಲಿಂಕಿನಿಂದ ಕಮಿಷನ್ ಬರುವುದಿದ್ದರೆ ಅದನ್ನು ಹೇಳಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ವಿಡಿಯೊ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದಲ್ಲೇ ಮಾತಿನಲ್ಲೂ ಅಕ್ಷರದಲ್ಲೂ ಇರಬೇಕು, ವಿಡಿಯೊದ ಭಾಷೆಯಲ್ಲೇ ಇರಬೇಕು. ಕನ್ನಡದ ವಿಡಿಯೊದಲ್ಲಿ ‘ಈ ಮಿಕ್ಸಿಯನ್ನು ಕಂಪನಿಯವರು ಉಚಿತವಾಗಿ ಕೊಟ್ಟಿದ್ದಾರೆ’ ಎಂಬ ಒಂದು ವಾಕ್ಯ ಮೊದಲ ನಿಮಿಷದಲ್ಲೇ ಬಂದರೆ ಚೆನ್ನ. ಸ್ವಂತ ದುಡ್ಡಿನಲ್ಲಿ ಕೊಂಡಿದ್ದರೆ ಎಷ್ಟಕ್ಕೆ, ಯಾವ ತಿಂಗಳಲ್ಲಿ ಎಂದು ಹೇಳಿ, ಬೆಲೆ ಬದಲಾಗುತ್ತಲೇ ಇರುತ್ತದೆ.

ಜೋಡಿಸುವ ಕ್ರಮ

ಚಿತ್ರಿಸಿದ ಕ್ರಮವೇ ತೋರಿಸುವ ಕ್ರಮವಾಗಬೇಕಿಲ್ಲ. ಕೊನೆಗೆ ಸಿಕ್ಕ ತೀರ್ಪು ಮೊದಲು ಬರಲಿ. ಆತುರದವರು ಅಷ್ಟು ಕೇಳಿ ಹೋಗುತ್ತಾರೆ, ಉಳಿದವರು ಕಾರಣಕ್ಕಾಗಿ ಕೂರುತ್ತಾರೆ. ವಿವರಣೆಯಲ್ಲಿ ಸಮಯ ಬರೆದರೆ ಯೂಟ್ಯೂಬ್ ವಿಡಿಯೊವನ್ನು ಅಧ್ಯಾಯಗಳಾಗಿ ಒಡೆದು ತೋರಿಸುತ್ತದೆ. ಮೊದಲ ಸಾಲು 0:00 ಇರಬೇಕು, ಕನಿಷ್ಠ ಮೂರು ಅಧ್ಯಾಯಗಳಿರಬೇಕು, ಪ್ರತಿಯೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು.

```
0:00 ಒಂದೇ ಮಾತಿನಲ್ಲಿ ತೀರ್ಪು
0:30 ಬಾಕ್ಸಿನಲ್ಲಿ ಏನೇನಿದೆ
1:45 ಸುತ್ತಲೂ ಒಂದು ನೋಟ
3:00 ಪುಡಿ, ಚಟ್ನಿ, ಸೋರಿಕೆ, ಸದ್ದು
6:00 ಹಿಡಿಸಿದ್ದು
6:45 ಹಿಡಿಸದ್ದು
8:00 ಯಾರಿಗೆ ಸರಿ, ಯಾರಿಗೆ ಬೇಡ
```

ಹಿಡಿಸದ್ದಕ್ಕೆ ಹೆಚ್ಚು ಹೊತ್ತು ಕೊಟ್ಟಿರುವುದು ದೂರಲೆಂದಲ್ಲ. ಒಳ್ಳೆಯ ಗುಣಗಳು ಪರೀಕ್ಷೆಯಲ್ಲೇ ಕಂಡಿರುತ್ತವೆ, ಕೊರತೆಗಳಿಗೆ ವಿವರಣೆ ಬೇಕಾಗುತ್ತದೆ. ಕೊನೆಯ ಭಾಗದಲ್ಲಿ ‘ಎಲ್ಲರೂ ತಗೋಬಹುದು’ ಎನ್ನಬೇಡಿ. ‘ನಾಲ್ಕೈದು ಜನರ ಮನೆಗೆ, ಸಾರಿನ ಪುಡಿ ಮನೆಯಲ್ಲೇ ಮಾಡುವವರಿಗೆ ಸರಿ. ಇಬ್ಬರೇ ಇದ್ದು ದಿನಾ ಸ್ವಲ್ಪವೇ ಚಟ್ನಿ ಮಾಡುವವರಿಗೆ ಬೇಡ’ ಎಂದರೆ ನೋಡುವವರು ತಾವು ಯಾವ ಗುಂಪಿಗೆ ಸೇರಿದವರೆಂದು ತಾವೇ ನಿರ್ಧರಿಸುತ್ತಾರೆ.

ಅಪ್‌ಲೋಡ್ ಮಾಡುವ ಮುನ್ನ ವಿಡಿಯೊವನ್ನು ಮ್ಯೂಟ್ ಮಾಡಿ, ಅದರಲ್ಲೇನಿದೆಯೆಂದು ಗೊತ್ತಿಲ್ಲದ ಮನೆಯವರೊಬ್ಬರಿಗೆ ತೋರಿಸಿ. ಈ ಮಿಕ್ಸಿಯಲ್ಲಿ ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ ಎಂದು ಕೇಳಿ. ಸದ್ದಿನ ವಿಷಯ ಬಿಟ್ಟು, ನೀವು ಹೇಳಿದ ಯಾವ ಕೊರತೆ ಅವರ ಬಾಯಲ್ಲಿ ಬರುವುದಿಲ್ಲವೋ ಅದಕ್ಕೆ ಶಾಟ್ ಇಲ್ಲವೆಂದು ಅರ್ಥ. ಮಿಕ್ಸಿ ಇನ್ನೂ ಅಡುಗೆಮನೆಯಲ್ಲೇ ಇದೆ, ಅದೊಂದನ್ನು ಮತ್ತೆ ಚಿತ್ರಿಸಿ ಸೇರಿಸಿ.