ನೋವಿಲ್ಲ ಎಂದು ಸುಮ್ಮನಿರಬೇಡಿ: ಸಕ್ಕರೆ ಕಾಯಿಲೆ ಮತ್ತು ನಿಮ್ಮ ಪಾದ

ತಪ್ಪು ಕಲ್ಪನೆ: ನೋವಿಲ್ಲ ಅಂದರೆ ಗಾಯ ಸಣ್ಣದು.

ಸತ್ಯ ಇದಕ್ಕೆ ತದ್ವಿರುದ್ಧ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಪಾದದ ನರಗಳು ಸೊರಗುತ್ತವೆ. ಆಗ ಮುಳ್ಳು ಚುಚ್ಚಿದರೂ ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗದೆ ಅದೇ ಗಾಯದ ಮೇಲೆ ದಿನವಿಡೀ ಓಡಾಡುತ್ತೀರಿ, ಗಾಯ ಆಳಕ್ಕೆ ಇಳಿಯುತ್ತದೆ.

ನಿಮ್ಮ ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ಮನೆಯಲ್ಲೇ ನೋಡಬಹುದು. ಚಪ್ಪಲಿ, ಕಾಲುಚೀಲ ತೆಗೆದು ಮಲಗಿ ಕಣ್ಣು ಮುಚ್ಚಿಕೊಳ್ಳಿ. ಮನೆಯವರು ತಮ್ಮ ತೋರುಬೆರಳಿನಿಂದ ನಿಮ್ಮ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಲಿ. ಒತ್ತಬಾರದು, ಒಂದೇ ಬೆರಳನ್ನು ಎರಡನೇ ಸಲ ಮುಟ್ಟಬಾರದು. ಮುಟ್ಟಿದಾಗಲೆಲ್ಲ ಎಡವೋ ಬಲವೋ ಹೇಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ವೈದ್ಯರಿಗೆ ತೋರಿಸಿ. ಎಲ್ಲವೂ ತಿಳಿದರೂ ವರ್ಷಕ್ಕೊಮ್ಮೆಯ ಪಾದ ಪರೀಕ್ಷೆ ಬಿಡಬೇಡಿ, ಏಕೆಂದರೆ ಪಾದದ ರಕ್ತ ಸಂಚಾರ ಮನೆಯಲ್ಲಿ ಮಾಡುವ ಈ ಸ್ಪರ್ಶ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ: ಜೋಮು ಹಿಡಿದ ಕಾಲಿಗೆ ಉಪ್ಪು ಹಾಕಿದ ಬಿಸಿನೀರು ಒಳ್ಳೆಯದು.

ಇದು ಮನೆಮನೆಯಲ್ಲೂ ನಡೆಯುವ ಉಪಚಾರ, ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದೂ ಇದೇ. ಅಜ್ಜಿಯೊಬ್ಬರು ರಾತ್ರಿ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಾರೆ ಎಂದುಕೊಳ್ಳಿ. ನೀರು ಹದವಾಗಿದೆ ಅಂತಲೇ ಅವರಿಗೆ ಅನಿಸುತ್ತದೆ. ಬೆಳಗ್ಗೆ ಪಾದದಲ್ಲಿ ಬೊಬ್ಬೆ. ನೋವಿಲ್ಲದ್ದರಿಂದ ಅರಿಶಿನ ಹಚ್ಚಿ ಕೆಲಸಕ್ಕೆ ಏಳುತ್ತಾರೆ. ಬೊಬ್ಬೆ ಒಡೆದು, ಹಾಸಿಗೆಯ ಮೇಲೆ ಒದ್ದೆ ಕಲೆ ಕಂಡಾಗಲೇ ಸೊಸೆ ಅಂಗಾಲು ತಿರುಗಿಸಿ ನೋಡುವುದು. ಅಷ್ಟರಲ್ಲಿ ಕೀವು ತುಂಬಿರುತ್ತದೆ.

ಕಾಲು ನೆನೆಹಾಕಬೇಡಿ. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು. ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಹಿಮ್ಮಡಿ ಒಣಗಿದ್ದರೆ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿ, ಸಂದುಗಳಿಗೆ ಮಾತ್ರ ಬೇಡ.

ತಪ್ಪು ಕಲ್ಪನೆ: ಮನೆಯೊಳಗೆ ಬರಿಗಾಲಿದ್ದರೆ ಪರವಾಗಿಲ್ಲ.

ಸ್ಪರ್ಶ ಕಡಿಮೆಯಾದವರು ಮನೆಯೊಳಗೂ ಚಪ್ಪಲಿ ಹಾಕಿರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಒಳಗಿನ ಓಡಾಟಕ್ಕೇ ಬೇರೆ ಜೊತೆ ಇಟ್ಟುಕೊಳ್ಳಿ. ಹಾಕುವ ಮೊದಲು ಒಳಗೆ ಕೈಯಾಡಿಸಿ, ಕಲ್ಲೋ ಮೊಳೆಯೋ ಇದ್ದೀತು. ದೇವಸ್ಥಾನದಲ್ಲಿ ಚಪ್ಪಲಿ ಬಿಡಲೇಬೇಕಲ್ಲ? ಕಲ್ಲುಹಾಸು ಕಾಯುವ ಮೊದಲು, ಬೆಳಗ್ಗೆಯೇ ಹೋಗಿ ಬನ್ನಿ. ಬರೀ ಕಾಲುಚೀಲ ನಂಬಿಕೊಳ್ಳಬೇಡಿ. ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮನೆಯವರು ನೋಡಲಿ.

ತಪ್ಪು ಕಲ್ಪನೆ: ಆಣಿಯನ್ನು ಮನೆಯಲ್ಲೇ ತೆಗೆಯಬಹುದು.

ಬ್ಲೇಡ್ ಬೇಡ, ಕಾರ್ನ್ ಪ್ಲಾಸ್ಟರೂ ಬೇಡ. ಅದರಲ್ಲಿರುವ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಆಣಿ ತೆಗೆಯುವುದು ವೈದ್ಯರ ಕೆಲಸ.

ಗಾಯ, ಬೊಬ್ಬೆ, ಕೀವು, ಕಪ್ಪಾದ ಬೆರಳು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೂ ತಡ ಮಾಡಬೇಡಿ. ಒಳಗೆ ಮೂಳೆ ಮುರಿಯುತ್ತಿರಬಹುದು. ಆ ಪಾದವನ್ನು ತಿಕ್ಕಬೇಡಿ, ವೈದ್ಯರು ನೋಡುವವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ.