ನಿಮಗಿದು ಗೊತ್ತೆ? ನೋವಿಲ್ಲದ ರಕ್ತ, ಉರಿಯುವ ಸೀಳು

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರೊಬ್ಬರಿಗೆ ಮಲವಿಸರ್ಜನೆಯ ನಂತರ ಅಚ್ಚ ಕೆಂಪು ರಕ್ತ ತೊಟ್ಟಿಕ್ಕುತ್ತದೆ, ನೋವು ಮಾತ್ರ ಇಲ್ಲ ಎನ್ನಿ. ಇದು ಬಹುಮಟ್ಟಿಗೆ ಒಳಮೂಲವ್ಯಾಧಿ. ಗುದದ್ವಾರದ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಹಾಗಾಗಿ ಅಲ್ಲಿ ಉಬ್ಬಿದ ರಕ್ತನಾಳ ಗಟ್ಟಿ ಮಲ ತಾಗಿ ಒಡೆದರೂ ಗೊತ್ತಾಗುವುದಿಲ್ಲ. ಗುದದ ಅಂಚಿನ ಸೀಳು ಹಾಗಲ್ಲ: ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತಾಗಿ, ಆಮೇಲೂ ಗಂಟೆಗಟ್ಟಲೆ ಉರಿಯುತ್ತದೆ. ರಕ್ತ ಗೆರೆಯಷ್ಟೇ.

ಎರಡಕ್ಕೂ ಮೊದಲ ಮದ್ದು ನಾರು. ದಿನಕ್ಕೆ 25–30 ಗ್ರಾಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ಇರುತ್ತದೆ, ಬಿಳಿ ಅಕ್ಕಿಯಲ್ಲಿ ಅದರ ಕಾಲು ಭಾಗದಷ್ಟು. ಮುದ್ದೆಯ ಜೊತೆ ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಇರಲಿ. ನಾರನ್ನು ನಿಧಾನವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಚಳ್ಳಕೆರೆಯ ಬಿಸಿಲಲ್ಲಿ ಬೆವರುವವರು ನೀರು ಕಡಿಮೆ ಕುಡಿದರೆ ಮಲ ಮತ್ತೆ ಗಟ್ಟಿಯಾಗುತ್ತದೆ.

ಅಗಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ದಿನಕ್ಕೆ ಎರಡು ಮೂರು ಸಲ 10–15 ನಿಮಿಷ ಕೂರಿ. ಬಿಗಿದ ಸ್ನಾಯು ಸಡಿಲಾಗಿ ಸೀಳಿನ ನೋವು ಇಳಿಯುತ್ತದೆ. ನೋವಿಲ್ಲದ ರಕ್ತಸ್ರಾವವನ್ನು ಇದು ನಿಲ್ಲಿಸದು. ಡೆಟಾಲ್ ಬೇಡ, ಚರ್ಮ ಉರಿಯುತ್ತದೆ.

ರಕ್ತ ಒಂದು ವಾರ ಮೀರಿದರೆ, ಮಲದೊಳಗೇ ಬೆರೆತಿದ್ದರೆ, ತೂಕ ಇಳಿದರೆ ಅಥವಾ 40 ದಾಟಿದವರಲ್ಲಿ ಹೊಸದಾಗಿ ಕಂಡರೆ ಮೂಲವ್ಯಾಧಿ ಎಂದುಕೊಂಡು ಸುಮ್ಮನಿರಬೇಡಿ. ಕರುಳಿನ ಕ್ಯಾನ್ಸರೂ ಹೀಗೆಯೇ ಕಾಣಿಸಿಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಿ. ತಲೆಸುತ್ತು ಬಂದರೆ, ರಕ್ತ ಧಾರೆಯಾಗಿ ಹೋದರೆ ಅಥವಾ ಮಲ ಡಾಂಬರಿನಂತೆ ಕಪ್ಪಗಿದ್ದರೆ ಅಂದೇ ಹೊರಡಿ.